'1962ರಿಂದ' ಅಂದ್ರೆ ಯಾರು 1962ರಿಂದ? ಜಾಹೀರಾತಿನ ಇಸವಿಯನ್ನು ಸರ್ಕಾರಿ ದಾಖಲೆಯಲ್ಲಿ ಪರೀಕ್ಷಿಸುವ ಬಗೆ

ನಮ್ಮ ಚಿಕ್ಕಮ್ಮ ಒಂದು ಪಾಂಪ್ಲೆಟ್‌ನ ಫೋಟೊ ಹೊಡೆದು ವಾಟ್ಸಪ್‌ನಲ್ಲಿ ಕಳಿಸಿದ್ದರು. ಅವರ ಊರಿನ ಬಸ್ ಸ್ಟ್ಯಾಂಡ್ ಪಕ್ಕ ಹೊಸದಾಗಿ ಬಾಗಿಲು ತೆರೆದ ಚಿನ್ನದ ಅಂಗಡಿಯದ್ದು. ತಿಂಗಳಿಗೆ 5,000 ರೂಪಾಯಿಯಂತೆ 11 ಕಂತು ಕಟ್ಟಿದರೆ, ಒಡವೆ ಕೊಳ್ಳುವಾಗ ವೇಸ್ಟೇಜ್ ಇಲ್ಲ ಎನ್ನುವ ಸ್ಕೀಮು. ಅದರ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ, 'ಮೂರು ತಲೆಮಾರಿನ ನಂಬಿಕೆ, 1962ರಿಂದ'. ಕೆಳಗೆ ಚಿಕ್ಕಮ್ಮನ ಪ್ರಶ್ನೆ: "ಅರವತ್ತು ವರ್ಷದ ಅಂಗಡಿಯಂತೆ ಕಣೋ, ಕಟ್ಲಾ?"

ನಾನು ಜಾಹೀರಾತಿನ ಉಳಿದ ಮಾತುಗಳನ್ನು ಪಕ್ಕಕ್ಕಿಟ್ಟು, ಆ ಇಸವಿ ಒಂದನ್ನೇ ಹಿಡಿದುಕೊಂಡೆ. 'ಅತ್ಯುತ್ತಮ ಗುಣಮಟ್ಟ', 'ನಂಬಿಕೆಯ ಹೆಸರು' ಇಂಥವನ್ನು ಯಾರೂ ಸಾಬೀತು ಮಾಡಲಾರರು, ಸುಳ್ಳು ಅನ್ನಲೂ ಆಗದು. ಆದರೆ ಇಸವಿ ಹಾಗಲ್ಲ, ಅದು ದಾಖಲೆಗೆ ಸಿಗುವ ಸಂಗತಿ. ಅಂಗಡಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹುಡುಕಿದ ದಾರಿಯನ್ನು ಮಾತ್ರ ಒಂದೊಂದೇ ಹೆಜ್ಜೆಯಾಗಿ ಬರೆದಿದ್ದೇನೆ. ಯಾವ ಅಂಗಡಿ, ಯಾವ ಕೋಚಿಂಗ್ ಸೆಂಟರ್, ಯಾವ ಬ್ರ್ಯಾಂಡಿಗೂ ಇದೇ ದಾರಿ ಸಾಕು.

ಮೊದಲು ಪ್ರಶ್ನೆಯನ್ನು ಸರಿ ಮಾಡಿಕೊಳ್ಳಿ

'1962ರಿಂದ' ಎನ್ನುವ ವಾಕ್ಯಕ್ಕೆ ಕರ್ತೃವೇ ಇಲ್ಲ. ಏನು 1962ರಿಂದ ಇದೆ? ಮನೆತನದವರು ಆ ಕಸುಬು ಮಾಡುತ್ತಿರುವುದೋ, ಆ ಹೆಸರು ಮಾರುಕಟ್ಟೆಯಲ್ಲಿರುವುದೋ, ಬಿಲ್ ಕೊಡುವ ಸಂಸ್ಥೆ ಕಾನೂನಿನ ಲೆಕ್ಕದಲ್ಲಿ ಹುಟ್ಟಿದ್ದೋ, ಈ ಅಂಗಡಿ ಈ ಜಾಗದಲ್ಲಿರುವುದೋ? ನಾಲ್ಕೂ ಬೇರೆ ಬೇರೆ ತಾರೀಖುಗಳು. ಜಾಹೀರಾತು ಬರೆಯುವವರು ನಾಲ್ಕರಲ್ಲಿ ಯಾವುದು ಹಳೆಯದೋ ಅದನ್ನು ಆರಿಸುತ್ತಾರೆ. ಓದುವವರು ನಾಲ್ಕೂ ಅದೇ ಅಂದುಕೊಳ್ಳುತ್ತಾರೆ.

ಈ ನಾಲ್ಕು ತಾರೀಖುಗಳ ನಡುವೆ ಅಂತರ ಇದ್ದಾಕ್ಷಣ ಮೋಸ ಅಂತಲೂ ಅಲ್ಲ. ಮೈಸೂರ್ ಸ್ಯಾಂಡಲ್ ಸೋಪನ್ನೇ ತೆಗೆದುಕೊಳ್ಳಿ. ಅದು ಹೇಳಿಕೊಳ್ಳುವ ಇಸವಿ 1916. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಮೈಸೂರಿನಲ್ಲಿ ಶ್ರೀಗಂಧದ ಎಣ್ಣೆಯ ಕಾರ್ಖಾನೆ ಶುರುವಾದದ್ದು ಆಗ. ಆದರೆ ಇವತ್ತು ಸೋಪು ಮಾರುವ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಲಿಮಿಟೆಡ್ ಕಂಪನಿಯಾಗಿ ರೂಪುಗೊಂಡಿದ್ದು 1980ರಲ್ಲಿ. ಬರೀ ಕಂಪನಿ ದಾಖಲೆ ನೋಡಿದವರು '64 ವರ್ಷ ಸುಳ್ಳು ಹೇಳಿದ್ದಾರೆ' ಅಂದುಬಿಡಬಹುದು. ಅದು ತಪ್ಪು. ಸರ್ಕಾರಿ ಕಾರ್ಖಾನೆ ಹೇಗೆ ಕಂಪನಿಯ ಕೈಗೆ ಬಂತು ಎನ್ನುವುದಕ್ಕೆ ಸರಪಳಿ ಇದೆ, ಅದರ ಪ್ರತಿ ಕೊಂಡಿಯೂ ಸಾರ್ವಜನಿಕ ದಾಖಲೆಯಲ್ಲಿದೆ.

ಹಾಗಾಗಿ ನಾವು ಪರೀಕ್ಷೆ ಮಾಡಬೇಕಾದ್ದು ಎರಡು ಇಸವಿಗಳು ಹೊಂದುತ್ತವೋ ಇಲ್ಲವೋ ಅನ್ನುವುದನ್ನಲ್ಲ. ಇವತ್ತು ನಮ್ಮ ದುಡ್ಡು ತೆಗೆದುಕೊಳ್ಳುವವರಿಂದ ಆ ಹಳೆಯ ಇಸವಿವರೆಗೆ ಕಡಿಯದ ಸರಪಳಿ ಇದೆಯಾ ಅನ್ನುವುದನ್ನು.

ಮೊದಲ ಹೆಜ್ಜೆ: ಬಿಲ್ಲಿನಲ್ಲಿ ಆರನೆಯ ಅಕ್ಷರ

ಬೋರ್ಡಿನ ಮೇಲಿನ ಹೆಸರು ಹಿಡಿದು ಹುಡುಕಲು ಹೋಗಬೇಡಿ. ಒಂದೇ ಥರದ ಹೆಸರಿನ ಹತ್ತು ಸಂಸ್ಥೆಗಳು ಇರುತ್ತವೆ. ಹುಡುಕಾಟ ಎಡವುವುದು ಹೆಚ್ಚಾಗಿ ಇಲ್ಲೇ. ಯಾರದೋ ದಾಖಲೆ ತೆಗೆದು ಇನ್ಯಾರನ್ನೋ ಸುಳ್ಳುಗಾರರು ಅಂದರೆ ಮಾನನಷ್ಟದ ನೋಟಿಸು ನಿಮ್ಮ ಮನೆಗೆ ಬರುತ್ತದೆ.

ಹಾಗಾಗಿ ಬಿಲ್ಲಿನಿಂದ ಶುರು ಮಾಡಿ. ಚಿಕ್ಕಮ್ಮನಿಗೆ ಆ ಅಂಗಡಿಯಲ್ಲಿ ಒಂದು ಸಣ್ಣ ಬೆಳ್ಳಿ ಕುಂಕುಮದ ಬಟ್ಟಲು ಕೊಂಡು ಬಿಲ್ಲಿನ ಫೋಟೊ ಕಳಿಸಿ ಅಂದೆ. ಬಿಲ್ಲಿನಲ್ಲಿ 15 ಅಕ್ಷರ-ಅಂಕಿಗಳ ಜಿಎಸ್‌ಟಿ ನಂಬರ್ ಇರುತ್ತದೆ. ಅದರ ಅಚ್ಚು ಹೀಗಿರುತ್ತದೆ (ಇದು ಮಾದರಿ ಮಾತ್ರ):

```
29ABCCD1234E1ZX
```

ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಅದಾದ ಮೇಲಿನ ಹತ್ತು, ವ್ಯಾಪಾರಸ್ಥರ ಪ್ಯಾನ್ ನಂಬರ್. ಪ್ಯಾನ್‌ನ ನಾಲ್ಕನೆಯ ಅಕ್ಷರ, ಅಂದರೆ ಜಿಎಸ್‌ಟಿ ನಂಬರಿನ ಆರನೆಯದು, ಆ ವ್ಯಾಪಾರ ಯಾವ ಜಾತಿಯ ಸಂಸ್ಥೆಯದ್ದು ಅಂತ ಹೇಳುತ್ತದೆ. P ಇದ್ದರೆ ಒಬ್ಬ ವ್ಯಕ್ತಿ, ಅಂದರೆ ಒಂಟಿ ಮಾಲೀಕತ್ವ. F ಇದ್ದರೆ ಪಾಲುದಾರಿಕೆ ಸಂಸ್ಥೆ ಅಥವಾ ಎಲ್‌ಎಲ್‌ಪಿ. C ಇದ್ದರೆ ಕಂಪನಿ. H ಅವಿಭಕ್ತ ಹಿಂದೂ ಕುಟುಂಬ, T ಟ್ರಸ್ಟ್. ಮುಂದೆ ಯಾವ ಕಚೇರಿಯ ದಾಖಲೆ ಹುಡುಕಬೇಕು ಎನ್ನುವುದನ್ನು ಈ ಒಂದು ಅಕ್ಷರ ತೀರ್ಮಾನಿಸುತ್ತದೆ.

ನಮ್ಮ ಬಿಲ್ಲಿನಲ್ಲಿ ಇದ್ದದ್ದು C. ಜಿಎಸ್‌ಟಿ ಪೋರ್ಟಲಿನ `Search Taxpayer` ಪುಟದಲ್ಲಿ ಆ ನಂಬರ್ ಹಾಕಿದರೆ ಸಂಸ್ಥೆಯ ಕಾನೂನುಬದ್ಧ ಹೆಸರು, ವ್ಯಾಪಾರದ ಹೆಸರು, ನೋಂದಣಿ ತಾರೀಖು ಎಲ್ಲ ಬರುತ್ತದೆ. ಲಾಗಿನ್ ಬೇಕಿಲ್ಲ, ದುಡ್ಡೂ ಬೇಕಿಲ್ಲ.

ಇಲ್ಲಿ ಒಂದು ಹಳ್ಳ ಇದೆ. ಬಹಳಷ್ಟು ವ್ಯಾಪಾರಗಳಿಗೆ ಈ ಪುಟ ತೋರಿಸುವ ನೋಂದಣಿ ತಾರೀಖು 01/07/2017. 'ನೋಡ್ರಪ್ಪಾ, 2017ರಲ್ಲಿ ಹುಟ್ಟಿದ ಅಂಗಡಿ' ಅಂತ ಸ್ಕ್ರೀನ್‌ಶಾಟ್ ಹಾಕಿ ಟ್ರೋಲ್ ಮಾಡುವವರನ್ನು ನೋಡಿದ್ದೇನೆ. ಅದು ಜಿಎಸ್‌ಟಿ ಜಾರಿಗೆ ಬಂದ ದಿನ. ಅದಕ್ಕೆ ಮುಂಚೆ ವ್ಯಾಟ್ ಕಟ್ಟುತ್ತಿದ್ದ ಹಳೆ ಅಂಗಡಿಗಳೆಲ್ಲ ಅದೇ ದಿನ ಹೊಸ ವ್ಯವಸ್ಥೆಗೆ ಬಂದವು. ಆ ತಾರೀಖು ಕಂಡರೆ ವಯಸ್ಸಿನ ಬಗ್ಗೆ ಏನೂ ಗೊತ್ತಾಗಿಲ್ಲ ಅಂತಲೇ ಲೆಕ್ಕ. ಜಿಎಸ್‌ಟಿ ದಾಖಲೆ ನಮಗೆ ಬೇಕಿರುವುದು ಸರಿಯಾದ ಹೆಸರು ಪಡೆಯಲು, ಇಸವಿಗಲ್ಲ.

ಎರಡನೇ ಹೆಜ್ಜೆ: ಕಂಪನಿಯ ಜನ್ಮದಿನ

ಕಂಪನಿ ಅಂತ ಖಚಿತವಾದ ಮೇಲೆ ಕಂಪನಿ ವ್ಯವಹಾರಗಳ ಸಚಿವಾಲಯದ ತಾಣ mca.gov.in. ಉಚಿತ ಖಾತೆ ಮಾಡಿಕೊಂಡರೆ `Company/LLP Master Data` ನೋಡಬಹುದು. ಪ್ರತಿ ಕಂಪನಿಗೂ 21 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಇರುತ್ತದೆ, ಸಿಐಎನ್ ಅಂತಾರೆ. 2013ರ ಕಂಪನಿ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಕಂಪನಿಯು ಇದನ್ನು ತನ್ನ ಬಿಲ್ಲು, ಲೆಟರ್‌ಹೆಡ್‌ಗಳ ಮೇಲೆ ಮುದ್ರಿಸಲೇಬೇಕು. ಓದುವುದು ಹೇಗೆ ಅಂತ ನೋಡಲು ಕರ್ನಾಟಕ ಬ್ಯಾಂಕಿನದನ್ನು ತೆಗೆದುಕೊಳ್ಳೋಣ:

```
L85110KA1924PLC001128
```

ಮೊದಲ L ಅಂದರೆ ಷೇರುಪೇಟೆಯಲ್ಲಿ ಲಿಸ್ಟ್ ಆದದ್ದು, ಆಗದಿದ್ದರೆ U. ಮುಂದಿನ ಐದು ಅಂಕಿ ಉದ್ಯಮದ ಸಂಕೇತ. ಆಮೇಲೆ ರಾಜ್ಯ, KA. ಆಮೇಲೆ ನಮಗೆ ಬೇಕಾದ ನಾಲ್ಕು ಅಂಕಿ, ನೋಂದಣಿಯ ಇಸವಿ: 1924. PLC ಅಂದರೆ ಪಬ್ಲಿಕ್ ಕಂಪನಿ, ಖಾಸಗಿಯಾದರೆ PTC. ಕೊನೆಯ ಆರು, ನೋಂದಣಿ ಸಂಖ್ಯೆ. ಮಂಗಳೂರಿನ ಈ ಬ್ಯಾಂಕು ತಾನು 1924ರದ್ದು ಅಂದರೆ ಒಂದೇ ನಿಮಿಷದಲ್ಲಿ ತಾಳೆ ಆಗುತ್ತದೆ.

ಈಗ ಇನ್ಫೋಸಿಸ್‌ನದನ್ನು ಪಕ್ಕದಲ್ಲಿಡಿ: `L85110KA1981PLC013115`. ಇನ್ಫೋಸಿಸ್ 1981ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಲ್ಲ, ಪುಣೆಯಲ್ಲಿ, ಅದೂ ಪ್ರೈವೇಟ್ ಲಿಮಿಟೆಡ್ ಆಗಿ, ಬೇರೆ ಹೆಸರಿನಲ್ಲಿ. ಆದರೂ ಸಂಖ್ಯೆಯಲ್ಲಿ KA ಇದೆ, PLC ಇದೆ. ಅಂದರೆ ಕಂಪನಿ ರಾಜ್ಯ ಬದಲಿಸಿದರೆ, ಪಬ್ಲಿಕ್ ಆದರೆ, ಹೆಸರು ಬದಲಿಸಿದರೆ ಸಂಖ್ಯೆಯ ಉಳಿದ ಭಾಗಗಳು ಬದಲಾಗಬಹುದು, ಇಸವಿ ಬದಲಾಗುವುದಿಲ್ಲ. ಇನ್ನೊಂದು ತಮಾಷೆ ಗಮನಿಸಿ, ಎರಡರಲ್ಲೂ ಉದ್ಯಮ ಸಂಕೇತ 85110. ಒಂದು ಬ್ಯಾಂಕು, ಇನ್ನೊಂದು ಸಾಫ್ಟ್‌ವೇರ್. 2004ರ ಕೈಗಾರಿಕಾ ವರ್ಗೀಕರಣದಲ್ಲಿ 8511 ಅಂದರೆ ಆಸ್ಪತ್ರೆ! ಹಾಗಾಗಿ ಆ ಐದು ಅಂಕಿ ನೋಡಿ 'ಇವರು ಚಿನ್ನದ ವ್ಯಾಪಾರಕ್ಕೆ ನೋಂದಣಿನೇ ಆಗಿಲ್ಲ' ಅಂತ ತೀರ್ಮಾನಿಸಬೇಡಿ.

ನಮ್ಮ ಅಂಗಡಿಯ ಸಂಖ್ಯೆಯಲ್ಲಿ ಇದ್ದ ಇಸವಿ 2016. ಮಾಸ್ಟರ್ ಡೇಟಾದಲ್ಲಿ ಪಾವತಿಯಾದ ಷೇರು ಬಂಡವಾಳ 5 ಲಕ್ಷ ರೂಪಾಯಿ. ಈ ಎರಡನೇ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

1962ಕ್ಕೂ 2016ಕ್ಕೂ 54 ವರ್ಷದ ಅಂತರ. ಇಷ್ಟಕ್ಕೇ ನಿಲ್ಲಿಸಿ 'ಸುಳ್ಳು' ಅಂದಿದ್ದರೆ ನಾನೂ ಮೈಸೂರ್ ಸ್ಯಾಂಡಲ್ ವಿಷಯದಲ್ಲಿ ಹೇಳಿದ ತಪ್ಪನ್ನೇ ಮಾಡುತ್ತಿದ್ದೆ. ಹಳೆಯ ಮನೆತನದ ವ್ಯಾಪಾರಗಳು ಮೊದಲು ಒಬ್ಬರ ಹೆಸರಲ್ಲಿ, ಆಮೇಲೆ ಅಣ್ಣತಮ್ಮಂದಿರ ಪಾಲುದಾರಿಕೆಯಲ್ಲಿ, ಕೊನೆಗೆ ಕಂಪನಿಯಾಗಿ ನಡೆಯುವುದು ನಮ್ಮಲ್ಲಿ ಮಾಮೂಲು. ಪಾಲುದಾರಿಕೆ ಕಂಪನಿಯಾದಾಗ ಗಡಿಯಾರ ಸೊನ್ನೆಗೆ ಬರುತ್ತದೆ. ಸಿಐಎನ್‌ನಲ್ಲಿ ಕೂರುವುದು ಕಂಪನಿಯಾದ ವರ್ಷ ಮಾತ್ರ.

ಮೂರನೇ ಹೆಜ್ಜೆ: ಹಿಂದಿನ ಕೊಂಡಿ

ಹಿಂದೆ ಹೋಗಲು ದಾರಿ ಅದೇ ತಾಣದಲ್ಲಿದೆ. `View Public Documents` ಎನ್ನುವಲ್ಲಿ ಒಂದು ಕಂಪನಿಗೆ 100 ರೂಪಾಯಿ ಕಟ್ಟಿದರೆ ಅದು ಸಲ್ಲಿಸಿರುವ ಸಾರ್ವಜನಿಕ ಕಾಗದಪತ್ರಗಳನ್ನು ನೋಡಬಹುದು. ಅದರಲ್ಲಿ ಹುಡುಕಬೇಕಾದ್ದು ಮೆಮೊರಾಂಡಮ್ ಆಫ್ ಅಸೋಸಿಯೇಷನ್, ಕಂಪನಿ ಯಾಕೆ ಹುಟ್ಟಿತು ಅಂತ ಬರೆದಿರುವ ಪತ್ರ. ಹಳೇ ವ್ಯಾಪಾರವನ್ನು ವಹಿಸಿಕೊಂಡು ಹುಟ್ಟಿದ ಕಂಪನಿಯಾದರೆ, ಉದ್ದೇಶಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ 'ಇಂಥ ಹೆಸರಿನ ಪಾಲುದಾರಿಕೆ ಸಂಸ್ಥೆಯ ಚಾಲ್ತಿ ವ್ಯವಹಾರವನ್ನು ಆಸ್ತಿ-ಸಾಲ ಸಮೇತ ವಹಿಸಿಕೊಳ್ಳುವುದು' ಅಂತ ಒಂದು ಸಾಲು ಇರುತ್ತದೆ. ಆ ಸಾಲು ಇದ್ದರೆ ಸರಪಳಿ ಮುಂದುವರಿಯುತ್ತದೆ. ಇಲ್ಲದಿದ್ದರೆ ಹಳೆ ಇಸವಿಯ ಹಕ್ಕು ಹೇಳಿಕೊಳ್ಳುವವರು ಬೇರೆ ಆಧಾರ ತೋರಿಸಬೇಕು.

ನಮ್ಮ ಕಂಪನಿಯಲ್ಲಿ ಆ ಸಾಲು ಇತ್ತು, ಪಾಲುದಾರಿಕೆ ಸಂಸ್ಥೆಯ ಹೆಸರೂ ಇತ್ತು. ಅಲ್ಲಿಗೆ ಅಂಗಡಿಯವರ ಪರವಾಗಿ ಒಂದು ಅಂಕ.

ಪಾಲುದಾರಿಕೆ ಸಂಸ್ಥೆಗಳ ದಾಖಲೆ ಇರುವುದು ರಿಜಿಸ್ಟ್ರಾರ್ ಆಫ್ ಫರ್ಮ್ಸ್ ಹತ್ತಿರ. ಕರ್ನಾಟಕದಲ್ಲಿ ಇದು ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕೆಲಸ, ಜಿಲ್ಲಾ ನೋಂದಣಿ ಕಚೇರಿಯಲ್ಲಿ ವಿಚಾರಿಸಬೇಕು. 1932ರ ಪಾಲುದಾರಿಕೆ ಕಾಯ್ದೆಯ 66 ಮತ್ತು 67ನೇ ಸೆಕ್ಷನ್ ಪ್ರಕಾರ ಯಾರು ಬೇಕಾದರೂ ಶುಲ್ಕ ಕಟ್ಟಿ ಆ ರಿಜಿಸ್ಟರ್ ನೋಡಬಹುದು, ದೃಢೀಕೃತ ನಕಲು ಪಡೆಯಬಹುದು. ನೀವು ಪಾಲುದಾರರಾಗಿರಬೇಕಿಲ್ಲ, ವಕೀಲರಾಗಿರಬೇಕಿಲ್ಲ. ಕೌಂಟರಿನಲ್ಲಿ "ನೀವು ಯಾರು, ನಿಮಗ್ಯಾಕೆ?" ಅಂತ ಕೇಳಬಹುದು. ನನಗೂ ಕೇಳಿದರು. ಅರ್ಜಿಯಲ್ಲೇ ಸೆಕ್ಷನ್ ನಂಬರ್ ಬರೆದುಕೊಂಡು ಹೋಗಿದ್ದರಿಂದ ಮಾತು ಬೇಗ ಮುಗಿಯಿತು. ನಕಲಿಗೆ ಮಾತ್ರ ಎರಡು ಸಲ ಓಡಾಡಬೇಕಾಯಿತು.

ಆ ನಕಲಿನಲ್ಲಿ ಬಹಳ ಜನ ನೋಡದೆ ಬಿಡುವ ಒಂದು ಕಾಲಂ ಇದೆ. ನೋಂದಣಿ ಆದ ತಾರೀಖಷ್ಟೇ ಅಲ್ಲ, ಪ್ರತಿಯೊಬ್ಬ ಪಾಲುದಾರ ಸಂಸ್ಥೆಗೆ ಸೇರಿದ ತಾರೀಖನ್ನೂ 58ನೇ ಸೆಕ್ಷನ್ ಪ್ರಕಾರ ಬರೆಯಬೇಕು. ವ್ಯಾಪಾರ ಶುರುವಾಗಿ ಎಷ್ಟೋ ವರ್ಷದ ಮೇಲೆ ನೋಂದಣಿ ಮಾಡಿಸುವುದು ಸಾಮಾನ್ಯ, ಯಾಕೆಂದರೆ ನೋಂದಣಿ ಕಡ್ಡಾಯವಲ್ಲ. ಹಾಗಾಗಿ ಮೊದಲ ಪಾಲುದಾರ ಸೇರಿದ ತಾರೀಖು ನೋಂದಣಿಗಿಂತ ಹಿಂದಿನದಾಗಿರಬಹುದು, ಸಂಸ್ಥೆಯ ನಿಜವಾದ ವಯಸ್ಸು ಅದು. ಇನ್ನೂ ದೊಡ್ಡ ವಿಷಯವೆಂದರೆ 68ನೇ ಸೆಕ್ಷನ್: ಈ ರಿಜಿಸ್ಟರಿನಲ್ಲಿ ದಾಖಲಾದ ಹೇಳಿಕೆ, ಅದಕ್ಕೆ ಸಹಿ ಹಾಕಿದವರ ವಿರುದ್ಧ ನಿರ್ಣಾಯಕ ಪುರಾವೆ. ಆಮೇಲೆ ಅವರೇ 'ಅದು ಹಾಗಲ್ಲ' ಅನ್ನಲು ಬರುವುದಿಲ್ಲ.

ನಮ್ಮ ನಕಲಿನಲ್ಲಿ ನೋಂದಣಿಯ ಇಸವಿ 1994. ಇಬ್ಬರು ಪಾಲುದಾರರು, ಅಣ್ಣ ತಮ್ಮ. ಇಬ್ಬರೂ ಸೇರಿದ್ದು 1991ರ ಏಪ್ರಿಲ್‌ನಲ್ಲಿ. ಸರಪಳಿ 2016ರಿಂದ 1991ರವರೆಗೆ ಬಂತು. ಅಲ್ಲಿಂದ 1962ಕ್ಕೆ ಇನ್ನೂ 29 ವರ್ಷ.

ನಾಲ್ಕನೇ ಹೆಜ್ಜೆ: ಅವರೇ ಬರೆದುಕೊಟ್ಟದ್ದು

ಇಲ್ಲಿಯವರೆಗಿನ ದಾಖಲೆಗಳಿಗೆಲ್ಲ ಒಂದೇ ದೌರ್ಬಲ್ಯ. 1991ಕ್ಕೆ ಮುಂಚೆ ತಂದೆಯೋ ತಾತನೋ ಒಬ್ಬರೇ ಅಂಗಡಿ ನಡೆಸಿದ್ದರೆ ಅದಕ್ಕೆ ಇಂಥ ರಿಜಿಸ್ಟರೇ ಇಲ್ಲ. ಒಂಟಿ ಮಾಲೀಕತ್ವಕ್ಕೆ ಜನನ ಪ್ರಮಾಣಪತ್ರ ಕೊಡುವ ಕಚೇರಿ ನಮ್ಮ ದೇಶದಲ್ಲಿಲ್ಲ. ಹಳೆಯ ಪುರಸಭೆ ಲೈಸೆನ್ಸು, ಮಾರಾಟ ತೆರಿಗೆಯ ಕಾಗದ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ದಾಖಲೆ ಸಿಗಲಿಲ್ಲ ಅಂದ ಮಾತ್ರಕ್ಕೆ ಅಂಗಡಿ ಇರಲಿಲ್ಲ ಎಂದಾಗುವುದಿಲ್ಲ.

ಇಲ್ಲಿ ಕೆಲಸಕ್ಕೆ ಬರುವುದು ಟ್ರೇಡ್‌ಮಾರ್ಕ್ ದಾಖಲೆ. ipindia.gov.in ತಾಣದ ಸಾರ್ವಜನಿಕ ಹುಡುಕಾಟದಲ್ಲಿ ಹೆಸರು ಮತ್ತು ವರ್ಗದ ಸಂಖ್ಯೆ ಹಾಕಿದರೆ ಅರ್ಜಿಗಳು ಬರುತ್ತವೆ. ಒಡವೆಗೆ ವರ್ಗ 14, ಸೋಪಿಗೆ 3, ಕಾಫಿ-ಮಸಾಲೆಗೆ 30, ಶಿಕ್ಷಣ-ಕೋಚಿಂಗ್‌ಗೆ 41. ಅರ್ಜಿಯಲ್ಲಿ ಒಂದು ಸಾಲು ಇರುತ್ತದೆ, `User Detail`. ಅರ್ಜಿದಾರರು ಆ ಹೆಸರನ್ನು ಯಾವ ದಿನದಿಂದ ಬಳಸುತ್ತಿದ್ದೇವೆ ಎಂದು ಹೇಳಿಕೊಂಡಿದ್ದಾರೋ ಆ ತಾರೀಖು ಅಲ್ಲಿರುತ್ತದೆ. ಇನ್ನೂ ಬಳಸಿಲ್ಲದಿದ್ದರೆ `Proposed to be used` ಅಂತ ಇರುತ್ತದೆ.

ಈ ತಾರೀಖನ್ನು ಯಾಕೆ ಅಷ್ಟು ನಂಬಬಹುದು? ಟ್ರೇಡ್‌ಮಾರ್ಕ್ ಜಗಳದಲ್ಲಿ ಯಾರು ಮೊದಲು ಬಳಸಿದರೋ ಅವರಿಗೆ ಬಲ ಹೆಚ್ಚು. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 34ನೇ ಸೆಕ್ಷನ್ ಹಳೆಯ ಬಳಕೆದಾರರನ್ನು ಕಾಪಾಡುತ್ತದೆ. ಹಾಗಾಗಿ ಇಲ್ಲಿ ಯಾರೂ ತಮ್ಮ ವಯಸ್ಸನ್ನು ಕಡಿಮೆ ಮಾಡಿ ಹೇಳುವುದಿಲ್ಲ, ಕಡಿಮೆ ಹೇಳಿದರೆ ನಷ್ಟ ಅವರಿಗೇ. ಹೆಚ್ಚು ಮಾಡಿ ಹೇಳುವುದೂ ಸುಲಭವಲ್ಲ. 2017ರ ನಿಯಮಗಳ 25ನೇ ನಿಯಮದ ಪ್ರಕಾರ, ಅರ್ಜಿಗೆ ಮುಂಚಿನಿಂದ ಬಳಸುತ್ತಿದ್ದೇವೆ ಎನ್ನುವವರು ಪ್ರಮಾಣಪತ್ರವನ್ನೂ ಆಧಾರದ ಕಾಗದಗಳನ್ನೂ ಕೊಡಬೇಕು. ಒಟ್ಟಿನಲ್ಲಿ, ಕಾನೂನಿನ ಮುಂದೆ ಧೈರ್ಯವಾಗಿ ಹೇಳಬಲ್ಲ ಅತಿ ಹಳೆಯ ತಾರೀಖು ಇದು. ಪಾಂಪ್ಲೆಟ್‌ನಲ್ಲಿ ಬೇರೆ ಇಸವಿ ಇದ್ದರೆ, ಅವರ ಮಾತಿಗೆ ಅವರ ಮಾತೇ ಎದುರು ಸಾಕ್ಷಿ.

ಎರಡು ಎಚ್ಚರಿಕೆ. ಆ ತಾರೀಖು ಆ ಒಂದು ಗುರುತಿನದ್ದು, ಇಡೀ ವ್ಯಾಪಾರದ್ದಲ್ಲ. ಮೂರು ವರ್ಷದ ಹಿಂದೆ ಹೊಸ ಲೋಗೊ ಮಾಡಿಸಿ ಅದಕ್ಕೆ ಅರ್ಜಿ ಹಾಕಿದ್ದರೆ ಹೊಸ ತಾರೀಖೇ ಇರುತ್ತದೆ. ಅದೇ ಮಾಲೀಕರ ಎಲ್ಲ ಅರ್ಜಿಗಳನ್ನೂ ತೆಗೆದು, ಅತಿ ಹಳೆಯದನ್ನು ಹಿಡಿಯಬೇಕು. ಇನ್ನೊಂದು, ಹೋಟೆಲು, ಕೋಚಿಂಗ್‌ನಂಥ ಸೇವೆಗಳ ಹೆಸರನ್ನು ನಮ್ಮ ದೇಶದಲ್ಲಿ ನೋಂದಣಿ ಮಾಡಲು ಶುರುವಾಗಿದ್ದೇ 2003ರ ಸೆಪ್ಟೆಂಬರ್‌ನಲ್ಲಿ, ಹೊಸ ಕಾಯ್ದೆ ಜಾರಿಯಾದ ಮೇಲೆ. ಆದ್ದರಿಂದ ಹಳೇ ಹೋಟೆಲಿನ ಅರ್ಜಿ ತಡವಾಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಅರ್ಜಿಯ ತಾರೀಖು ಬೇರೆ, ಬಳಕೆಯ ತಾರೀಖು ಬೇರೆ.

ನಮ್ಮ ಅಂಗಡಿಯ ಹೆಸರಿನಲ್ಲಿ ವರ್ಗ 14ರಲ್ಲಿ ಎರಡು ಅರ್ಜಿ ಸಿಕ್ಕವು. ಹೊಸ ಲೋಗೊದ್ದು ಒಂದು, ಬರೀ ಹೆಸರಿನದು ಇನ್ನೊಂದು. ಹೆಸರಿನ ಅರ್ಜಿಯಲ್ಲಿ ಬಳಕೆಯ ತಾರೀಖು 01/04/1991. ಪಾಲುದಾರಿಕೆಯ ದಾಖಲೆಯ ಜೊತೆ ಸರಿಯಾಗಿ ತಾಳೆಯಾಯಿತು. ಎರಡು ಬೇರೆ ಬೇರೆ ಕಚೇರಿಗಳಲ್ಲಿ, ಬೇರೆ ಬೇರೆ ಕಾರಣಕ್ಕೆ ಅವರೇ ಬರೆದುಕೊಟ್ಟ ಇಸವಿ ಒಂದೇ. ಅದು 1962 ಅಲ್ಲ.

ಹಾಗಾದ್ರೆ 1962 ಎಲ್ಲಿಂದ ಬಂತು?

ದಾಖಲೆ ಸಿಕ್ಕಿತು ಅಂತ ನೇರವಾಗಿ ಪೋಸ್ಟ್ ಹಾಕುವುದಕ್ಕಿಂತ ಮುಂಚೆ ಅವರನ್ನೇ ಕೇಳಬೇಕು. ನಾನು ಒಂದು ಪುಟದ ಇಮೇಲ್ ಬರೆದೆ. ಸುಳ್ಳು, ಮೋಸ ಅನ್ನುವ ಪದ ಬಳಸಲಿಲ್ಲ. ಜಾಹೀರಾತಿನಲ್ಲಿ 1962 ಅಂತಿದೆ, ನಿಮ್ಮ ದಾಖಲೆಗಳು 1991ರವರೆಗೆ ಹೋಗುತ್ತವೆ, 1962ಕ್ಕೆ ಆಧಾರ ಏನು ಅಂತಷ್ಟೇ ಕೇಳಿದೆ. ಹತ್ತು ದಿನದ ಮೇಲೆ ಮ್ಯಾನೇಜರ್ ಫೋನ್ ಮಾಡಿದರು, ಸಿಟ್ಟೇನೂ ಇರಲಿಲ್ಲ. "ನಮ್ಮ ಸಾಹುಕಾರರ ತಾತ 62ರಲ್ಲಿ ಬೇರೆಯವರ ಅಂಗಡೀಲಿ ಕುತ್ಕೊಂಡು ಒಡವೆ ಕೆಲಸ ಮಾಡೋರು ಸಾರ್. ಅಲ್ಲಿಂದಾನೇ ಶುರು ಅಲ್ವಾ ನಮ್ದು?" ಅಂದರು.

ಇಸವಿ ಗಾಳಿಯಿಂದ ಬಂದದ್ದಲ್ಲ ಅಂತಾಯ್ತು. ಒಬ್ಬ ಅಕ್ಕಸಾಲಿಗನ ದುಡಿಮೆಯಿಂದ ಬಂದದ್ದು, ಅದಕ್ಕೆ ಗೌರವ ಇರಲಿ. ಆದರೆ ಅದು ಕಸುಬಿನ ವಯಸ್ಸು. ಆ ತಾತ ದುಡಿದದ್ದು ಬೇರೆಯವರ ಅಂಗಡಿಯಲ್ಲಿ. ಈ ಹೆಸರಿನ ಅಂಗಡಿ, ಸಂಸ್ಥೆ, ಬ್ರ್ಯಾಂಡ್ ಯಾವುದೂ ಆಗ ಇರಲಿಲ್ಲ. ನಾಲ್ಕು ತಾರೀಖುಗಳಲ್ಲಿ ಅತಿ ಹಳೆಯದನ್ನು ಆರಿಸಿ, ಅದಕ್ಕೆ ಕರ್ತೃ ಹಾಕದೆ ಬಿಟ್ಟಿದ್ದರು. 'ಮೂರು ತಲೆಮಾರಿನ ಕಸುಬು' ಅಂತ ಬರೆದಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ.

ಇಷ್ಟಕ್ಕೂ ಏನು ವ್ಯತ್ಯಾಸ?

ಸೋಪು ಕೊಳ್ಳುವಾಗ ದೊಡ್ಡ ವ್ಯತ್ಯಾಸವೇನಿಲ್ಲ. ದುಡ್ಡು ಕೊಟ್ಟ ಕ್ಷಣ ಸೋಪು ಕೈಗೆ ಬರುತ್ತದೆ. ಆದರೆ 11 ತಿಂಗಳ ಕಂತಿನ ಸ್ಕೀಮಿನಲ್ಲಿ ನೀವು ಮೊದಲು ದುಡ್ಡು ಕೊಡುತ್ತೀರಿ, ಒಡವೆ ಆಮೇಲೆ. ಅಷ್ಟು ದಿನ ನೀವು ಗ್ರಾಹಕರಷ್ಟೇ ಅಲ್ಲ, ಸಾಲ ಕೊಟ್ಟವರು.

ಸ್ಕೀಮು 11 ತಿಂಗಳಿಗೇ ಯಾಕೆ ನಿಲ್ಲುತ್ತದೆ ಗೊತ್ತಾ? ಕಂಪನಿಗಳ ಠೇವಣಿ ನಿಯಮದಲ್ಲಿ, ಸರಕಿಗಾಗಿ ಪಡೆದ ಮುಂಗಡವನ್ನು 365 ದಿನದೊಳಗೆ ಸರಕಿನ ಲೆಕ್ಕಕ್ಕೆ ಹಾಕಿದರೆ ಅದು 'ಠೇವಣಿ' ಅನ್ನಿಸಿಕೊಳ್ಳುವುದಿಲ್ಲ. ಠೇವಣಿ ಅಲ್ಲದ ಮೇಲೆ ಠೇವಣಿಗಿರುವ ಬಿಗಿ ನಿಯಮಗಳೂ ಅನ್ವಯಿಸುವುದಿಲ್ಲ. ಬ್ಯಾಂಕಿನಲ್ಲಿಟ್ಟ ದುಡ್ಡಿಗಿರುವ 5 ಲಕ್ಷದವರೆಗಿನ ವಿಮೆಯೂ ಇದಕ್ಕಿಲ್ಲ. ಅಂಗಡಿ ಬಾಗಿಲು ಹಾಕಿದರೆ ನಿಮಗೆ ಬಾಕಿ ತೀರಿಸಬೇಕಾದವರು ರಸೀದಿಯ ಮೇಲೆ ಹೆಸರಿರುವ ಕಂಪನಿ. ಬರೆದಿಟ್ಟುಕೊಂಡ ಸಂಖ್ಯೆ ಈಗ ತೆಗೆಯಿರಿ: 2016ರಲ್ಲಿ ಹುಟ್ಟಿದ, 5 ಲಕ್ಷ ಬಂಡವಾಳದ ಪ್ರೈವೇಟ್ ಲಿಮಿಟೆಡ್. 'ಲಿಮಿಟೆಡ್' ಎಂಬ ಪದದ ಅರ್ಥವೇ, ಕಂಪನಿ ಮುಳುಗಿದರೆ ಷೇರುದಾರರ ಮನೆ-ಜಮೀನಿಗೆ ಸಾಮಾನ್ಯವಾಗಿ ಕೈ ಹಾಕುವಂತಿಲ್ಲ ಅಂತ. 1991ರ ಪಾಲುದಾರಿಕೆಯೇ ಇದ್ದಿದ್ದರೆ ಪಾಲುದಾರರು ಸ್ವಂತ ಆಸ್ತಿಯಿಂದಲೂ ತೀರಿಸಬೇಕಿತ್ತು. ಜಾಹೀರಾತು 1962ರ ನಂಬಿಕೆಯನ್ನು ತೋರಿಸುತ್ತದೆ, ಸಾಲದ ಹೊಣೆ ಮಾತ್ರ 2016ರದ್ದು.

ಇದನ್ನೆಲ್ಲ ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವ್ರ ತಾತ ಒಳ್ಳೇ ಕೆಲಸಗಾರ ಇದ್ದಿರಬೋದು. ನನ್ನ ದುಡ್ಡು ಇಸ್ಕೊಳೋದು ತಾತ ಅಲ್ವಲ್ಲ" ಅಂದರು.

ದೂರು ಕೊಡುವುದಾದರೆ

ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿಯ (ಎಎಸ್‌ಸಿಐ) ಸಂಹಿತೆ ಪ್ರಕಾರ, ಪರೀಕ್ಷಿಸಿ ನೋಡಬಹುದಾದ ಸಂಗತಿಯನ್ನು ಜಾಹೀರಾತಿನಲ್ಲಿ ಹೇಳಿದರೆ ಅದನ್ನು ಸಾಬೀತು ಮಾಡುವ ಹೊಣೆ ಜಾಹೀರಾತುದಾರರದ್ದು. ಇಸವಿ ಅಂಥದ್ದೇ ಸಂಗತಿ. ಅವರ ತಾಣದಲ್ಲಿ ಉಚಿತವಾಗಿ ದೂರು ಹಾಕಬಹುದು. ಆದರೆ ಅದು ಉದ್ಯಮದವರೇ ಕಟ್ಟಿಕೊಂಡ ಸಂಸ್ಥೆ, ಜಾಹೀರಾತು ಬದಲಿಸಿ ಎನ್ನಬಹುದೇ ಹೊರತು ದಂಡ ಹಾಕಲಾರದು. ದಂಡದ ಅಧಿಕಾರ ಇರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ರಚನೆಯಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ. ದಾರಿ ತಪ್ಪಿಸುವ ಜಾಹೀರಾತಿಗೆ 21ನೇ ಸೆಕ್ಷನ್ ಪ್ರಕಾರ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ದೂರಿನಲ್ಲಿ ಅಭಿಪ್ರಾಯ ಕಡಿಮೆ ಇರಲಿ. ದಿನಾಂಕ ಕಾಣುವಂತೆ ಜಾಹೀರಾತಿನ ಫೋಟೊ, ಬಿಲ್ಲು, ಸಿಐಎನ್ ಪುಟ, ಫರ್ಮ್ಸ್ ರಿಜಿಸ್ಟರಿನ ನಕಲು, ಟ್ರೇಡ್‌ಮಾರ್ಕ್ ಪುಟ, ಆಧಾರ ಕೇಳಿದ ನಿಮ್ಮ ಪತ್ರ, ಇಷ್ಟನ್ನು ಇಸವಿಯ ಕ್ರಮದಲ್ಲಿ ಜೋಡಿಸಿ. ಕೊನೆಯಲ್ಲಿ 'ಸುಳ್ಳು' ಅಂತ ಬರೆಯುವ ಬದಲು 'ಅವರ ಸ್ವಂತ ದಾಖಲೆಗಳು 1991ರವರೆಗೆ ಮಾತ್ರ ಹೋಗುತ್ತವೆ, 1962ಕ್ಕೆ ಆಧಾರ ಕೊಟ್ಟಿಲ್ಲ' ಅಂತ ಬರೆಯಿರಿ. ನಮ್ಮ ಕೈಯಲ್ಲಿರುವ ಪುರಾವೆ ಹೇಳುವುದು ಅಷ್ಟನ್ನೇ.

ಎಲ್ಲ ಸಂಸ್ಥೆಗಳಿಗೂ ಈ ದಾರಿ ಇದೇ ಕ್ರಮದಲ್ಲಿ ನಡೆಯುವುದಿಲ್ಲ ಎಂಬುದೂ ನೆನಪಿರಲಿ. ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು 1906ರಲ್ಲಿ ಶುರು ಮಾಡಿದ ಹಿಂದೂ ಪರ್ಮನೆಂಟ್ ಫಂಡ್ 1910ರಲ್ಲಿ ಕೆನರಾ ಬ್ಯಾಂಕ್ ಆಯಿತು, 1969ರಲ್ಲಿ ರಾಷ್ಟ್ರೀಕರಣವಾಯಿತು. ಅದು ಈಗ ಬೇರೆಯದೇ ಕಾಯ್ದೆಯಡಿ ಇರುವ ಸಂಸ್ಥೆ, ಹಾಗಾಗಿ ಅದಕ್ಕೆ ಸಿಐಎನ್ ಇಲ್ಲ. ಆದರೂ 1906 ನಿಜ. ಇನ್ನೊಂದು ಬಗೆಯದು ಎಂಟಿಆರ್. ಬೆಂಗಳೂರಿನ ಮಾವಳ್ಳಿಯ ಹೋಟೆಲಿನ ಮೂಲ 1924ರದ್ದು, ಪ್ಯಾಕೆಟ್ ಆಹಾರದ ವ್ಯಾಪಾರ ಬೆಳೆದದ್ದು 1970ರ ದಶಕದ ನಂತರ, 2007ರಲ್ಲಿ ಅದನ್ನು ನಾರ್ವೆಯ ಆರ್ಕ್ಲಾ ಕೊಂಡುಕೊಂಡಿತು, ಹೋಟೆಲು ಮನೆತನದ ಕೈಯಲ್ಲೇ ಉಳಿಯಿತು. ಪ್ಯಾಕೆಟ್ ಮೇಲಿನ 1924 ಹೆಸರಿನ ವಯಸ್ಸು, ಮಾಲೀಕರದ್ದಲ್ಲ. ಇವೆರಡರಲ್ಲೂ ಕೊಂಡಿಗಳು ಬಹಿರಂಗವಾಗಿವೆ, ಯಾರು ಬೇಕಾದರೂ ಎಣಿಸಬಹುದು.

ನಮ್ಮ ಅಂಗಡಿಯ ವಿಷಯದಲ್ಲಿ 1991ಕ್ಕಿಂತ ಹಿಂದೆ ಯಾವ ಕೊಂಡಿಯೂ ಸಿಗಲಿಲ್ಲ. ಮ್ಯಾನೇಜರಿಗೆ ಇನ್ನೊಂದು ಇಮೇಲ್ ಹಾಕಿ, ಮುಂದಿನ ಪಾಂಪ್ಲೆಟ್‌ನಲ್ಲಿ ಇಸವಿಯ ಜೊತೆ 'ಕಸುಬು' ಎನ್ನುವ ಪದ ಸೇರಿಸಿ ಅಂತ ಕೇಳಿದ್ದೇನೆ. ಉತ್ತರ ಬಂದಿಲ್ಲ, ದೂರಿನ ಕಡತ ಸಿದ್ಧವಾಗಿದೆ. ಚಿಕ್ಕಮ್ಮ ಆ ಸ್ಕೀಮಿಗೆ ಸೇರಲಿಲ್ಲ. ತಿಂಗಳ 5,000ವನ್ನು ಬ್ಯಾಂಕಿನ ಆರ್‌ಡಿಗೆ ಕಟ್ಟುತ್ತಿದ್ದಾರೆ. ದುಡ್ಡು ಕೈಗೆ ಬಂದ ದಿನ ಒಡವೆ ಕೊಳ್ಳಲು ಅದೇ ಅಂಗಡಿಗೇ ಹೋಗುತ್ತಾರಂತೆ, ಬೆಳ್ಳಿ ಬಟ್ಟಲಿನ ಕೆಲಸ ಚೆನ್ನಾಗಿದೆ ಅಂತ.